ಕಾಂಗರೂ ಆರೈಕೆಯ ವ್ಯವಸ್ಥಿತ ಪರಾಮರ್ಶೆ: ಗುಣಮಟ್ಟದ ಅಂಕ ಹಿಡಿಯದ ದೋಷದ ಒಂದು ಪ್ರಕರಣ

ಹಿನ್ನೆಲೆ

ಈ ಪರಾಮರ್ಶೆಗೆ ಕೂತವರು ನಾಲ್ವರು: ನವಜಾತ ಶಿಶು ತಜ್ಞೆ, ನರ್ಸಿಂಗ್ ಅಧ್ಯಾಪಕಿ, ಸಂಖ್ಯಾಶಾಸ್ತ್ರಜ್ಞ ಮತ್ತು ವೈದ್ಯಕೀಯ ಗ್ರಂಥಪಾಲಕಿ. ಗುರುತು ಸಿಗದಿರಲೆಂದು ಹೆಸರು, ಊರು, ಸಂಸ್ಥೆ ಯಾವುದನ್ನೂ ಇಲ್ಲಿ ಹೇಳಿಲ್ಲ. ತಂಡದ ಒಳಗಿನ ಎಣಿಕೆಗಳನ್ನು ಲೆಕ್ಕ ಸುಲಭವಾಗುವಂತೆ ಸರಳಗೊಳಿಸಿದೆ. ಪ್ರಕಟಿತ ಪ್ರಯೋಗಗಳ ಅಂಕಿಗಳನ್ನು ಮಾತ್ರ ಇದ್ದಂತೆಯೇ ಕೊಟ್ಟಿದೆ.

ಪ್ರಶ್ನೆ ಮೇಲ್ನೋಟಕ್ಕೆ ಸರಳವಾಗಿತ್ತು. 2500 ಗ್ರಾಂಗಿಂತ ಕಡಿಮೆ ತೂಕದ ಅಥವಾ 37 ವಾರ ತುಂಬುವ ಮೊದಲೇ ಹುಟ್ಟಿದ ಶಿಶುಗಳಿಗೆ ಕಾಂಗರೂ ಆರೈಕೆ ಕೊಟ್ಟರೆ ಸಾವು ಕಡಿಮೆಯಾಗುತ್ತದೆಯೇ? ಕೊಲಂಬಿಯಾದ ಬೊಗೊಟಾದಲ್ಲಿ 1978ರಲ್ಲಿ ಎಡ್ಗರ್ ರೇ ಸನಾಬ್ರಿಯಾ ಆರಂಭಿಸಿದ ಈ ಪದ್ಧತಿಯಲ್ಲಿ ಮೂರು ಅಂಗಗಳಿವೆ: ಮಗುವನ್ನು ತಾಯಿಯ ಎದೆಯ ಮೇಲೆ ಚರ್ಮಕ್ಕೆ ಚರ್ಮ ತಾಗುವಂತೆ ದೀರ್ಘಕಾಲ ಇಡುವುದು, ಎದೆಹಾಲು ಮಾತ್ರ ಕೊಡುವುದು, ಬೇಗ ಮನೆಗೆ ಕಳಿಸಿ ಮತ್ತೆ ಮತ್ತೆ ಕರೆಸಿ ನೋಡುವುದು. 2016ರ ಕಾಕ್ರೇನ್ ಪರಾಮರ್ಶೆ 21 ಪ್ರಯೋಗಗಳ 3042 ಶಿಶುಗಳನ್ನು ಒಳಗೊಂಡಿತ್ತು. ಮರಣದ ಮಾಹಿತಿ ಇದ್ದ ಪ್ರಯೋಗಗಳನ್ನು ಕೂಡಿಸಿದಾಗ, ಆಸ್ಪತ್ರೆಯಿಂದ ಬಿಡುಗಡೆಯಾಗುವ ಹೊತ್ತಿಗೆ ಅಥವಾ 40-41 ವಾರದ ಹೊತ್ತಿಗೆ, ಸಾವಿನ ಸಾಪೇಕ್ಷ ಅಪಾಯ 0.60, ಅಂದರೆ ಇನ್ನೊಂದು ಗುಂಪಿನ ಅಪಾಯದ ಶೇಕಡ 60ರಷ್ಟು, ಎಂದು ಬಂದಿತ್ತು.

ಹಾಗಿದ್ದ ಮೇಲೆ ಮತ್ತೊಂದು ಪರಾಮರ್ಶೆ ಏಕೆ? ಆ ನಂತರ ಎರಡು ದೊಡ್ಡ ಪ್ರಯೋಗಗಳು ಬಂದಿದ್ದವು. 2019ರಲ್ಲಿ ಹರಿಯಾಣದಲ್ಲಿ ಮನೆಯಲ್ಲೇ ಆರಂಭಿಸಿದ ಕಾಂಗರೂ ಆರೈಕೆಯ ಪ್ರಯೋಗ (8402 ಶಿಶುಗಳು) ಮತ್ತು 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ನಡೆಸಿದ, ಹುಟ್ಟಿದ ಕೂಡಲೇ ಆರಂಭಿಸುವ ಆರೈಕೆಯ ಪ್ರಯೋಗ (3211 ಶಿಶುಗಳು). ಇವನ್ನು ಹಳೆಯ ಪ್ರಯೋಗಗಳ ಜೊತೆ ಹೇಗೆ ಓದಬೇಕು ಎಂಬುದೇ ತಂಡದ ಮುಂದಿದ್ದ ಕೆಲಸ. ಕೆಲಸದ ಯೋಜನೆಯನ್ನು ಪ್ರೊಟೊಕಾಲ್ ಆಗಿ ಬರೆದು, ಪರಾಮರ್ಶೆಗಳ ನೋಂದಣಿ ಪಟ್ಟಿಯಾದ ಪ್ರಾಸ್ಪೆರೊದಲ್ಲಿ ನೋಂದಾಯಿಸಿದರು. ಅದರಲ್ಲಿ ಹೀಗಿತ್ತು: ಚರ್ಮಸ್ಪರ್ಶದ ಆರೈಕೆ ಕೊಟ್ಟ ಯಾವುದೇ ತುಲನಾತ್ಮಕ ಅಧ್ಯಯನ ಸೇರುತ್ತದೆ, ಚೀಟಿ ಎತ್ತಿದಂತೆ ಮಕ್ಕಳನ್ನು ಗುಂಪುಗಳಿಗೆ ಹಂಚುವ ರ‍್ಯಾಂಡಮೈಸ್ಡ್ ಪ್ರಯೋಗಗಳಿಗೆ ಐದಕ್ಕೆ ಕೊಡುವ ಜಡಾಡ್ ಗುಣಮಟ್ಟದ ಅಂಕ, ಉಳಿದವಕ್ಕೆ ಒಂಬತ್ತಕ್ಕೆ ಕೊಡುವ ನ್ಯೂಕ್ಯಾಸಲ್-ಒಟ್ಟಾವಾ ನಕ್ಷತ್ರ, ಜಡಾಡ್‌ನಲ್ಲಿ 3, ಇನ್ನೊಂದರಲ್ಲಿ 7 ದಾಟಿದರೆ 'ಉತ್ತಮ'. ಮುಂದಿನ ತೊಡಕುಗಳೆಲ್ಲ ಈ ಮೂರು ಸಾಲುಗಳಿಂದಲೇ ಹುಟ್ಟಿದವು.

ಹುಡುಕಾಟ

ಗ್ರಂಥಪಾಲಕಿ ಮೊದಲು ಮಾಡಿದ ಕೆಲಸ, ಖಂಡಿತ ಸಿಗಲೇಬೇಕಾದ ಹತ್ತು ಪ್ರಯೋಗಗಳ ಪಟ್ಟಿ ಇಟ್ಟುಕೊಂಡದ್ದು. ಹುಡುಕಾಟದ ಸೂತ್ರ ಎಷ್ಟೇ ಚೆನ್ನಾಗಿ ಕಂಡರೂ ಈ ಹತ್ತರಲ್ಲಿ ಒಂದು ತಪ್ಪಿದರೂ ಸೂತ್ರದಲ್ಲಿ ದೋಷವಿದೆ ಎಂದೇ ಅರ್ಥ. ಮೊದಲ ಸೂತ್ರದಲ್ಲಿ ಸಾವಿಗೆ ಸಂಬಂಧಿಸಿದ ಪದಗಳನ್ನೂ ಸೇರಿಸಿದ್ದರು. ಎರಡು ಪ್ರಯೋಗಗಳು ತಪ್ಪಿದವು. ತೆಗೆದು ನೋಡಿದರೆ, ಅವುಗಳ ಸಾರಾಂಶದಲ್ಲಿ ತೂಕ ಹೆಚ್ಚಳ ಮತ್ತು ಎದೆಹಾಲಿನ ಮಾತಷ್ಟೇ ಇತ್ತು. ಸಾವಿನ ಎಣಿಕೆ ಒಳಗಿನ ಕೋಷ್ಟಕದಲ್ಲಿತ್ತು. ಕಾಂಗರೂ ಆರೈಕೆಯ ಸಣ್ಣ ಪ್ರಯೋಗಗಳಲ್ಲಿ ಇದು ಸಾಮಾನ್ಯ. ಸಾವು ಅವುಗಳ ಮುಖ್ಯ ಫಲಿತಾಂಶವಲ್ಲದ ಕಾರಣ ಸಾರಾಂಶದವರೆಗೆ ಬರುವುದೇ ಇಲ್ಲ. ಫಲಿತಾಂಶದ ಪದಗಳನ್ನು ತೆಗೆದ ಮೇಲೆ ಪಬ್‌ಮೆಡ್ ಸೂತ್ರ ಹೀಗೆ ನಿಂತಿತು:

```
("Kangaroo-Mother Care Method"[Mesh] OR kangaroo[tiab]
 OR "skin to skin"[tiab] OR KMC[tiab])
AND
("Infant, Premature"[Mesh] OR "Infant, Low Birth Weight"[Mesh]
 OR preterm[tiab] OR premature[tiab] OR "low birth weight"[tiab]
 OR newborn*[tiab] OR neonat*[tiab])
```

'ಮನುಷ್ಯರ ಅಧ್ಯಯನ ಮಾತ್ರ' ಎಂಬ ಫಿಲ್ಟರ್ ಹಾಕಲಿಲ್ಲ. ಹೊಸದಾಗಿ ಸೇರಿದ ಕೆಲವು ದಾಖಲೆಗಳಿಗೆ, ಈ ಫಿಲ್ಟರ್ ಆಧರಿಸುವ ಮೆಶ್ ಎಂಬ ವಿಷಯಪದಗಳು ಇನ್ನೂ ಅಂಟಿರುವುದಿಲ್ಲ. ಫಿಲ್ಟರ್ ಹಾಕಿದರೆ ಬೇಕಾದ ಹೊಸ ಪ್ರಯೋಗಗಳೇ ಮೊದಲು ಜಾರಿಹೋಗುತ್ತವೆ. ಪ್ರಾಣಿಶಾಸ್ತ್ರದ ಕೆಲವು ಲೇಖನಗಳನ್ನು ಕೈಯಾರೆ ತೆಗೆಯುವ ಶ್ರಮ ಅದಕ್ಕಿಂತ ಮೇಲು. ಪದ್ಧತಿ ಹುಟ್ಟಿದ್ದೇ ಲ್ಯಾಟಿನ್ ಅಮೆರಿಕದಲ್ಲಾದ್ದರಿಂದ ಲಿಲಾಕ್ಸ್ ದತ್ತಸಂಚಯದಲ್ಲಿ `canguro`, `canguru` ಎಂದು ಬೇರೆಯಾಗಿ ಹುಡುಕಿದರು. ಭಾಷೆಯ ಮಿತಿ ಹಾಕಲಿಲ್ಲ.

ಒಂದೇ ಪ್ರಯೋಗ ಹಲವು ಲೇಖನಗಳಾಗಿ ಬಂದಿರುವುದು ಈ ಕ್ಷೇತ್ರದಲ್ಲಿ ವಿಶೇಷವಾಗಿ ಕಾಡುತ್ತದೆ. ಬೊಗೊಟಾದ 1990ರ ದಶಕದ ಪ್ರಯೋಗವೊಂದರಿಂದಲೇ 40-41 ವಾರದ ವರದಿ, ಒಂದು ವರ್ಷದ ವರದಿ, ತಾಯಿ-ಮಗುವಿನ ಬಾಂಧವ್ಯದ ವರದಿ, 2017ರಲ್ಲಿ ಇಪ್ಪತ್ತು ವರ್ಷದ ನಂತರದ ವರದಿ, ಹೀಗೆ ಸಾಲಾಗಿ ಬಂದಿವೆ. ಲೇಖನವನ್ನು ಎಣಿಕೆಯ ಘಟಕ ಮಾಡಿಕೊಂಡರೆ ಅದೇ ಮಕ್ಕಳು ಎರಡು ಮೂರು ಸಲ ಲೆಕ್ಕಕ್ಕೆ ಬರುತ್ತಾರೆ. ಆದ್ದರಿಂದ ಪ್ರತಿ ಪ್ರಯೋಗಕ್ಕೂ ಒಂದು ಗುರುತು ಸಂಖ್ಯೆ ಕೊಟ್ಟು, ಲೇಖನಗಳನ್ನು ಅದರ ಕೆಳಗೆ ಕಟ್ಟಿದರು. ಆಸ್ಪತ್ರೆ, ಮಕ್ಕಳನ್ನು ಸೇರಿಸಿಕೊಂಡ ತಿಂಗಳುಗಳು, ತೂಕದ ಮಿತಿ, ಒಟ್ಟು ಶಿಶುಗಳ ಸಂಖ್ಯೆ ಈ ನಾಲ್ಕನ್ನು ಪಕ್ಕಪಕ್ಕ ಇಟ್ಟರೆ ಬಹುಪಾಲು ಜೋಡಿಗಳು ತಾವೇ ಕಾಣಿಸಿಕೊಳ್ಳುತ್ತವೆ.

ಸೇರ್ಪಡೆಯ ಮಾನದಂಡ ಮುರಿದದ್ದು

ಮೊದಲ ಪರೀಕ್ಷಾ ಸುತ್ತಿನಲ್ಲಿ ಇಬ್ಬರು ಸ್ವತಂತ್ರವಾಗಿ ನೂರು ದಾಖಲೆಗಳನ್ನು ಓದಿದರು. ಎಂಟನ್ನು ಇಬ್ಬರೂ ಸೇರಿಸಿದರು, ಎಂಬತ್ತನ್ನು ಇಬ್ಬರೂ ಬಿಟ್ಟರು. ಏಳನ್ನು ಮೊದಲನೆಯವರು ಮಾತ್ರ, ಐದನ್ನು ಎರಡನೆಯವರು ಮಾತ್ರ ಸೇರಿಸಿದರು. 88 ಪ್ರತಿಶತ ಒಮ್ಮತ ಎಂದು ಮುಂದೆ ಹೋಗಬಹುದಿತ್ತು. ಆದರೆ ಬಿಡಬೇಕಾದವೇ ಹೆಚ್ಚಿರುವಾಗ ಕಣ್ಣುಮುಚ್ಚಿ ಬಿಟ್ಟರೂ ಒಮ್ಮತ ಬರುತ್ತದೆ. ಮೊದಲನೆಯವರು ಸೇರಿಸಿದ್ದು 15, ಎರಡನೆಯವರು 13. ಆಕಸ್ಮಿಕವಾಗಿ ಬರಬಹುದಾದ ಒಮ್ಮತ 0.15×0.13 + 0.85×0.87, ಅಂದರೆ 0.759. ಆಕಸ್ಮಿಕ ಒಮ್ಮತವನ್ನು ಕಳೆದ ಮೇಲೆ ಉಳಿಯುವ ಒಮ್ಮತದ ಅಳತೆಯಾದ ಕಪ್ಪಾ ಲೆಕ್ಕ ಹಾಕಿದರೆ:

```
kappa = (0.88 - 0.759) / (1 - 0.759) = 0.50
```

ಸೇರಿಸಿದವುಗಳನ್ನು ಮಾತ್ರ ನೋಡಿದರೆ ಚಿತ್ರ ಇನ್ನೂ ಸ್ಪಷ್ಟ: ಇಬ್ಬರಲ್ಲೊಬ್ಬರಾದರೂ ಬೇಕೆಂದ ಇಪ್ಪತ್ತರಲ್ಲಿ ಎಂಟಕ್ಕೆ ಮಾತ್ರ ಒಪ್ಪಿಗೆ ಇತ್ತು. ತಂಡ ಆ ಹನ್ನೆರಡನ್ನು ಮೇಜಿನ ಮೇಲೆ ಹರಡಿಕೊಂಡಿತು. ಸಂಧಾನ ಮಾಡಿಕೊಂಡು ಮುಂದೆ ಸಾಗದೆ, ಭಿನ್ನಾಭಿಪ್ರಾಯ ಯಾವ ಪದದಲ್ಲಿದೆ ಎಂದು ಹುಡುಕಿದ್ದು ಈ ಪ್ರಕರಣದ ಮೊದಲ ಒಳ್ಳೆಯ ನಿರ್ಧಾರ. ಹನ್ನೆರಡರಲ್ಲಿ ಕೆಲವು, ರಕ್ತ ತೆಗೆಯುವಾಗ ನೋವು ಕಡಿಮೆಯಾಗಲೆಂದು ಅರ್ಧ ಗಂಟೆ ಎದೆಯ ಮೇಲಿಟ್ಟ ಪ್ರಯೋಗಗಳು. ಕೆಲವು ಪೂರ್ಣಾವಧಿಯ ಆರೋಗ್ಯವಂತ ಶಿಶುಗಳನ್ನು ಹುಟ್ಟಿದ ಕೂಡಲೇ ತಾಯಿಯ ಎದೆಗೆ ಕೊಟ್ಟವು. ಇನ್ನು ಕೆಲವು ದಿನಕ್ಕೆ ಒಂದೆರಡು ಗಂಟೆಯ ಸ್ಪರ್ಶದವು. ಎಲ್ಲದರಲ್ಲೂ ಚರ್ಮಸ್ಪರ್ಶವಿದೆ; ಪ್ರೊಟೊಕಾಲ್‌ನ ಮಾತಿನ ಪ್ರಕಾರ ಎಲ್ಲವೂ ಸೇರಬೇಕು. ಆದರೆ ಸಾವನ್ನು ತಡೆಯುವ ಆರೈಕೆ ಎಂದು ಯಾರೂ ಅವನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸುವುದಿಲ್ಲ.

ಮೊದಲ ಎರಡು ಗುಂಪುಗಳನ್ನು ಬಿಡುವುದು ಕಷ್ಟವಾಗಲಿಲ್ಲ. ಮೂರನೆಯದರ ಮೇಲೆ ಚರ್ಚೆ ನಡೆಯಿತು. ದಿನಕ್ಕೆ ಎಂಟು ಗಂಟೆಗಿಂತ ಕಡಿಮೆ ಸ್ಪರ್ಶ ಪಡೆದ ಅಧ್ಯಯನಗಳನ್ನು ಹೊರಗಿಡಬೇಕೆಂದು ಶಿಶು ತಜ್ಞೆ ಸೂಚಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ 2022ರ ಶಿಫಾರಸು ಕೂಡ ದಿನಕ್ಕೆ 8ರಿಂದ 24 ಗಂಟೆ ಎನ್ನುತ್ತದೆ. ಸಂಖ್ಯಾಶಾಸ್ತ್ರಜ್ಞ ಒಪ್ಪಲಿಲ್ಲ. ಮಗುವಿಗೆ ದಿನಕ್ಕೆ ಎಷ್ಟು ಗಂಟೆ ಸ್ಪರ್ಶ ಸಿಕ್ಕಿತು ಎಂಬುದು ಪ್ರಯೋಗ ಆರಂಭವಾದ ಮೇಲೆ ತಿಳಿಯುವ ಸಂಗತಿ. ಉಸಿರಾಟ ಕೆಟ್ಟ ಮಗುವನ್ನು ಎದೆಯಿಂದ ತೆಗೆದು ಯಂತ್ರಕ್ಕೆ ಹಾಕುತ್ತಾರೆ, ಅದರ ಗಂಟೆಗಳು ಕಡಿಮೆಯಾಗುತ್ತವೆ. ಮಕ್ಕಳು ಹೆಚ್ಚು ಬಳಲಿದ ಪ್ರಯೋಗದಲ್ಲಿ ಸರಾಸರಿ ಗಂಟೆಯೂ ಕಡಿಮೆ ಇರುತ್ತದೆ. ಸಿಕ್ಕ ಗಂಟೆಯನ್ನು ಸೇರ್ಪಡೆಯ ಮಾನದಂಡ ಮಾಡಿದರೆ, ಚೆನ್ನಾಗಿ ನಡೆದ ಪ್ರಯೋಗಗಳನ್ನಷ್ಟೇ ಆಯ್ದುಕೊಂಡಂತೆ ಆಗುತ್ತದೆ.

ಕೊನೆಗೆ ನಿಂತ ಮಾತು ಇದು: ಸೇರ್ಪಡೆಗೆ ನೋಡಬೇಕಾದದ್ದು ಪ್ರಯೋಗದ ಯೋಜನೆಯಲ್ಲಿ ಉದ್ದೇಶಿಸಿದ ಗಂಟೆ. ಪ್ರತಿದಿನ, ಹಲವು ದಿನ ಮುಂದುವರಿಯುವ ಚರ್ಮಸ್ಪರ್ಶವನ್ನು ಉದ್ದೇಶಿಸಿದ್ದರೆ ಅಧ್ಯಯನ ಸೇರುತ್ತದೆ. ಉದ್ದೇಶಿತ ಗಂಟೆ 8ಕ್ಕಿಂತ ಕಡಿಮೆಯೇ, 8ರಿಂದ 16ರೊಳಗೇ, 16ಕ್ಕಿಂತ ಹೆಚ್ಚೇ ಎಂಬುದು ಉಪಗುಂಪಿನ ವಿಶ್ಲೇಷಣೆಗೆ ಹೋಗುತ್ತದೆ. ಗಂಟೆ ಹೇಳಿರದ ಅಧ್ಯಯನವನ್ನು ಬಿಡದೆ 'ನಮೂದಿಲ್ಲ' ಎಂದು ಗುರುತಿಸಿ ಲೇಖಕರಿಗೆ ಪತ್ರ ಬರೆಯಬೇಕು. ಈ ಮಾತುಗಳನ್ನು ಉದಾಹರಣೆ ಸಮೇತ ಒಂದು ಪುಟದ ಕೈಪಿಡಿಯಾಗಿ ಬರೆದು ಹೊಸ ನೂರು ದಾಖಲೆಗಳ ಮೇಲೆ ಮತ್ತೆ ಪರೀಕ್ಷಿಸಿದಾಗ ಭಿನ್ನಾಭಿಪ್ರಾಯ ಬೆರಳೆಣಿಕೆಗೆ ಇಳಿಯಿತು.

ಯಾವ ಕ್ಷಣದಿಂದ ಎಣಿಸಬೇಕು

ದತ್ತಾಂಶ ತೆಗೆದು, ಅಧ್ಯಯನಗಳ ಅಂಕಿಗಳನ್ನು ಕೂಡಿಸಿ ಮೊದಲ ಮೆಟಾ-ವಿಶ್ಲೇಷಣೆ ಮಾಡಿದಾಗ ವಿಚಿತ್ರವೊಂದು ಕಂಡಿತು. ರ‍್ಯಾಂಡಮೈಸ್ ಮಾಡದ ಮಕ್ಕಳನ್ನು ಇದ್ದ ಗುಂಪಿನಲ್ಲೇ ಗಮನಿಸುವ ಕೋಹಾರ್ಟ್ ಅಧ್ಯಯನಗಳು ತೋರಿಸಿದ ಲಾಭ, ಪ್ರಯೋಗಗಳು ತೋರಿಸಿದ್ದಕ್ಕಿಂತ ಬಹಳ ಹೆಚ್ಚಿತ್ತು. ಅಷ್ಟೇ ಅಲ್ಲ, ಆ ಕೋಹಾರ್ಟ್‌ಗಳಿಗೆ ಎಂಟು, ಒಂಬತ್ತು ನಕ್ಷತ್ರ ಸಿಕ್ಕಿತ್ತು. 'ಉತ್ತಮ' ಎಂಬ ಹಣೆಪಟ್ಟಿ ಹೊತ್ತ ಅಧ್ಯಯನಗಳೇ ನಂಬಲಾಗದಷ್ಟು ದೊಡ್ಡ ಪರಿಣಾಮ ಹೇಳುತ್ತಿದ್ದವು.

ಕಾರಣ ಆ ಅಧ್ಯಯನಗಳ ವಿಧಾನದ ಭಾಗದಲ್ಲೇ ಇತ್ತು. ಮಗು ಸ್ಥಿರವಾದ ಮೇಲೆ ಕಾಂಗರೂ ಆರೈಕೆ ಆರಂಭಿಸುತ್ತಾರೆ. ಸ್ಥಿರವಾಗಲು ಕೆಲವು ದಿನ ಬದುಕಿರಬೇಕು. ಆ ಮೊದಲೇ ತೀರಿಕೊಂಡ ಮಕ್ಕಳೆಲ್ಲ 'ಆರೈಕೆ ಪಡೆಯದ' ಗುಂಪಿಗೆ ಸೇರಿಬಿಡುತ್ತಾರೆ. ಸಂಖ್ಯಾಶಾಸ್ತ್ರಜ್ಞ ಒಂದು ಕಲ್ಪಿತ ಲೆಕ್ಕ ಹಾಕಿ ತೋರಿಸಿದರು. ಅದನ್ನು ಪೂರ್ತಿಯಾಗಿ ನೋಡುವುದು ಒಳ್ಳೆಯದು.

ನೂರು ಶಿಶುಗಳು ಎನ್ನಿ. ಕಾಂಗರೂ ಆರೈಕೆಯಿಂದ ಸಾವಿನ ಮೇಲೆ ಯಾವ ಪರಿಣಾಮವೂ ಇಲ್ಲ ಎಂದೇ ಇಟ್ಟುಕೊಳ್ಳಿ. ಮೊದಲ ಮೂರು ದಿನದಲ್ಲಿ ಹನ್ನೆರಡು ಮಕ್ಕಳು ತೀರಿಕೊಳ್ಳುತ್ತಾರೆ. ಉಳಿದ 88ರಲ್ಲಿ ಅರ್ಧ, ಅಂದರೆ 44 ಮಕ್ಕಳಿಗೆ ಮೂರನೇ ದಿನದ ನಂತರ ಆರೈಕೆ ಶುರುವಾಗುತ್ತದೆ. ಮುಂದೆ ಎರಡೂ ಅರ್ಧಗಳಲ್ಲಿ ನಾಲ್ಕು ನಾಲ್ಕು ಸಾವು. ಈಗ ಆಸ್ಪತ್ರೆಯ ಕಡತ ತೆಗೆದು 'ಆರೈಕೆ ಸಿಕ್ಕಿತೇ, ಇಲ್ಲವೇ' ಎಂದು ವಿಂಗಡಿಸಿದರೆ, ಸಿಕ್ಕವರಲ್ಲಿ 44ಕ್ಕೆ 4, ಸಿಗದವರಲ್ಲಿ 56ಕ್ಕೆ 16. ಅಂದರೆ 9.1 ಪ್ರತಿಶತಕ್ಕೆ ಎದುರಾಗಿ 28.6 ಪ್ರತಿಶತ, ಸಾಪೇಕ್ಷ ಅಪಾಯ 0.32. ಏನೂ ಮಾಡದ ಆರೈಕೆ ಮೂರರಲ್ಲಿ ಎರಡು ಸಾವು ತಪ್ಪಿಸಿದಂತೆ ಕಾಣುತ್ತದೆ! ಎಣಿಕೆಯನ್ನು ಮೂರನೇ ದಿನದಿಂದ, ಎರಡೂ ಗುಂಪಿಗೆ ಒಂದೇ ಕ್ಷಣದಿಂದ ಆರಂಭಿಸಿದರೆ 44ಕ್ಕೆ 4, 44ಕ್ಕೆ 4, ಪರಿಣಾಮ ಶೂನ್ಯ.

ನ್ಯೂಕ್ಯಾಸಲ್-ಒಟ್ಟಾವಾ ಪಟ್ಟಿಯಲ್ಲಿ ಇದನ್ನು ನೇರವಾಗಿ ಕೇಳುವ ಪ್ರಶ್ನೆಯೇ ಇಲ್ಲ. ಎರಡೂ ಗುಂಪು ಒಂದೇ ಆಸ್ಪತ್ರೆಯವೇ? ಹೌದು, ನಕ್ಷತ್ರ. ಆರೈಕೆಯ ಮಾಹಿತಿ ದಾಖಲೆಯಿಂದ ಬಂತೇ? ನಕ್ಷತ್ರ. ತೂಕಕ್ಕೂ ಗರ್ಭದ ವಾರಕ್ಕೂ ಹೊಂದಾಣಿಕೆ ಮಾಡಿದ್ದಾರೆಯೇ? ಎರಡು ನಕ್ಷತ್ರ. ಮೇಲಿನ ಕಲ್ಪಿತ ಅಧ್ಯಯನ ಒಂಬತ್ತಕ್ಕೆ ಒಂಬತ್ತನ್ನೂ ಪಡೆಯಬಲ್ಲದು. ತೂಕಕ್ಕೆ ಹೊಂದಿಸುವುದರಿಂದ ಈ ದೋಷ ಹೋಗುವುದೂ ಇಲ್ಲ. ಒಂದೇ ತೂಕದ ಇಬ್ಬರಲ್ಲಿ ಮೂರು ದಿನ ಬದುಕಿದವರು ಯಾರು ಎಂಬುದೇ ಗುಂಪನ್ನು ನಿರ್ಧರಿಸುತ್ತಿದೆ.

ಇಂಥ ಅಧ್ಯಯನಗಳ ದೋಷದ ಅಪಾಯ ಅಳೆಯುವ ರಾಬಿನ್ಸ್-ಐ ಸಾಧನದಲ್ಲಿ ಮಾತ್ರ ಈ ಪ್ರಶ್ನೆ ಇದೆ: ಅನುಸರಣೆ ಆರಂಭವಾದ ಕ್ಷಣವೂ ಆರೈಕೆ ಆರಂಭವಾದ ಕ್ಷಣವೂ ಬಹುಪಾಲು ಮಕ್ಕಳಲ್ಲಿ ಒಂದೇ ಆಗಿದೆಯೇ? ತಂಡ ನಕ್ಷತ್ರಗಳನ್ನು ಬಿಟ್ಟು ಇದಕ್ಕೆ ಬಂದಿತು. ದತ್ತಾಂಶದ ನಮೂನೆಗೆ ಮೂರು ಅಂಕಣ ಸೇರಿಸಿತು: ಮಗು ಅಧ್ಯಯನಕ್ಕೆ ಸೇರಿದ ವಯಸ್ಸು, ಆರೈಕೆ ಆರಂಭವಾದ ವಯಸ್ಸು, ಸಾವಿನ ಎಣಿಕೆ ಆರಂಭವಾದ ವಯಸ್ಸು, ಮೂರೂ ಗಂಟೆಗಳಲ್ಲಿ. ಈ ಮೂರು ಅಂಕಿ ಬೇರೆ ಬೇರೆಯಾಗಿದ್ದರೆ ಓದುವವರಿಗೆ ತಕ್ಷಣ ಎಚ್ಚರವಾಗುತ್ತದೆ. ಕೋಹಾರ್ಟ್‌ಗಳಲ್ಲಿ ಹೆಚ್ಚಿನವು 'ಗಂಭೀರ' ಅಥವಾ 'ಅತಿ ಗಂಭೀರ' ಅಪಾಯದ ಸಾಲಿಗೆ ಇಳಿದವು.

ಇದೇ ಅಂಕಣಗಳು ಇನ್ನೊಂದು ದೊಡ್ಡ ತಪ್ಪನ್ನೂ ತಡೆದವು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಪ್ರಯೋಗದಲ್ಲಿ ಆರೈಕೆ ಆರಂಭವಾದ ವಯಸ್ಸಿನ ಮಧ್ಯಾಂಕ ಒಂದು ಗುಂಪಿನಲ್ಲಿ 1.3 ಗಂಟೆ, ಇನ್ನೊಂದರಲ್ಲಿ 53.6 ಗಂಟೆ. ಅಂದರೆ ನಿಯಂತ್ರಣ ಗುಂಪಿಗೂ ಸ್ಥಿರವಾದ ಮೇಲೆ ಕಾಂಗರೂ ಆರೈಕೆ ಸಿಕ್ಕಿದೆ. 28 ದಿನದೊಳಗಿನ ಸಾವು 12.0 ಪ್ರತಿಶತಕ್ಕೆ ಎದುರಾಗಿ 15.7 ಎಂಬ ಆ ಫಲಿತಾಂಶ ಉತ್ತರಿಸುವುದು 'ಈಗಲೇ ಕೊಡುವುದೋ, ಆಮೇಲೆ ಕೊಡುವುದೋ' ಎಂಬ ಪ್ರಶ್ನೆಗೆ. 'ಕೊಡುವುದೋ ಬಿಡುವುದೋ' ಎಂಬ ಹಳೆಯ ಪ್ರಯೋಗಗಳ ಜೊತೆ ಅದನ್ನು ಕೂಡಿಸಿದರೆ ಬರುವ ಸಂಖ್ಯೆ ಎರಡು ಪ್ರಶ್ನೆಗಳಿಗೂ ಉತ್ತರವಲ್ಲ. ತಂಡ ಹೋಲಿಕೆಯನ್ನು ಎರಡಾಗಿ ಒಡೆಯಿತು: ಕಾಂಗರೂ ಆರೈಕೆಗೆ ಎದುರಾಗಿ ಸಾಮಾನ್ಯ ಆರೈಕೆ, ಬೇಗ ಆರಂಭಕ್ಕೆ ಎದುರಾಗಿ ತಡವಾದ ಆರಂಭ.

ಜಡಾಡ್ ಅಂಕ ಬಿಟ್ಟದ್ದು

ಪ್ರಯೋಗಗಳ ಕಡೆಯೂ ಅಂಕ ದಾರಿ ತಪ್ಪಿಸುತ್ತಿತ್ತು, ಬೇರೆ ರೀತಿಯಲ್ಲಿ. ಜಡಾಡ್‌ನ ಐದು ಅಂಕದಲ್ಲಿ ಎರಡು, ಯಾರು ಯಾವ ಗುಂಪು ಎಂದು ತಿಳಿಯದಂತೆ ಮಾಡುವ ಬ್ಲೈಂಡಿಂಗ್‌ಗೆ ಮೀಸಲು. ಮಗು ತನ್ನ ಎದೆಯ ಮೇಲಿದೆಯೋ ವಾರ್ಮರ್‌ನಲ್ಲಿದೆಯೋ ಎಂದು ತಾಯಿಗೆ ತಿಳಿಯದಂತೆ ಮಾಡಲಾಗದು. ಹಾಗಾಗಿ ಎಂಥ ಅಚ್ಚುಕಟ್ಟಾದ ಪ್ರಯೋಗಕ್ಕೂ ಮೂರೇ ಗರಿಷ್ಠ. ಇನ್ನು ಹಂಚಿಕೆಯ ಗೋಪ್ಯತೆಗೆ ಆ ಪಟ್ಟಿಯಲ್ಲಿ ಅಂಕವೇ ಇಲ್ಲ. ಕಾಂಗರೂ ಆರೈಕೆಯಲ್ಲಿ ಅದೇ ಮರ್ಮ. ಮುಂದಿನ ಲಕೋಟೆಯಲ್ಲಿ ಯಾವ ಗುಂಪು ಇದೆ ಎಂದು ವಾರ್ಡಿನವರಿಗೆ ಗೊತ್ತಿದ್ದರೆ, ಉಸಿರಾಟ ಸರಿಯಿಲ್ಲದ ಮಗುವನ್ನು ಎದೆಯ ಮೇಲೆ ಮಲಗಿಸಲು ಅಂಜಿ, ಸೇರ್ಪಡೆಯನ್ನು ಒಂದು ದಿನ ಮುಂದಕ್ಕೆ ಹಾಕಬಹುದು. ಕೆಟ್ಟ ಉದ್ದೇಶವೇನೂ ಬೇಕಿಲ್ಲ, ಕಾಳಜಿಯೇ ಸಾಕು. ಇದು ನಡೆದಿದೆಯೇ ಎಂದು ತಿಳಿಯಲು ಆರಂಭದ ಕೋಷ್ಟಕ ನೋಡಬೇಕು: ಕಾಂಗರೂ ಗುಂಪಿನ ಮಕ್ಕಳ ತೂಕ, ಗರ್ಭದ ವಾರ, ಸೇರಿದ ವಯಸ್ಸು ಒಂದೇ ದಿಕ್ಕಿಗೆ ವಾಲಿದ್ದರೆ ಅನುಮಾನಕ್ಕೆ ಆಧಾರವಿದೆ. ಸರಣಿ ಸಂಖ್ಯೆ, ವಾರದ ದಿನ, ಬೆಸ-ಸಮ ಎಂದು ಹಂಚಿದ ಅಧ್ಯಯನಗಳನ್ನು ತಂಡ ಪ್ರಯೋಗಗಳ ಪಟ್ಟಿಯಿಂದಲೇ ತೆಗೆದು ರ‍್ಯಾಂಡಮೈಸ್ ಮಾಡದವುಗಳ ಜೊತೆ ಇಟ್ಟಿತು.

ಜಡಾಡ್ ಬದಲಿಗೆ, ಪ್ರಯೋಗಗಳ ದೋಷದ ಅಪಾಯ ಅಳೆಯುವ ರಾಬ್ 2 ಬಂದಿತು. ಇದರಲ್ಲಿ ಕೂಡಿಸುವ ಅಂಕವಿಲ್ಲ. ಹಂಚಿಕೆ, ಉದ್ದೇಶಿತ ಆರೈಕೆಯಿಂದ ವಿಚಲನೆ, ಕಾಣೆಯಾದ ಮಾಹಿತಿ, ಫಲಿತಾಂಶದ ಅಳತೆ, ವರದಿಯಲ್ಲಿ ಆಯ್ಕೆ ಎಂಬ ಐದು ವಿಭಾಗಗಳಲ್ಲಿ 'ಕಡಿಮೆ', 'ಸ್ವಲ್ಪ ಆತಂಕ', 'ಹೆಚ್ಚು' ಎಂದು ತೀರ್ಮಾನ. ಮುಖ್ಯ ಸಂಗತಿ, ತೀರ್ಮಾನ ಇಡೀ ಪ್ರಯೋಗಕ್ಕಲ್ಲ, ಒಂದೊಂದು ಫಲಿತಾಂಶಕ್ಕೆ. ಅದೇ ಪ್ರಯೋಗದಲ್ಲಿ ಸಾವಿನ ಅಳತೆ 'ಕಡಿಮೆ' ಅಪಾಯದ್ದು. ನೋಡುವವರಿಗೆ ಗುಂಪು ಗೊತ್ತಿದ್ದರೂ ಸಾವು ಬದಲಾಗದು. ಲಕ್ಷಣ ನೋಡಿ ಹೇಳಿದ 'ಸೋಂಕಿನ ಶಂಕೆ' ಮಾತ್ರ 'ಹೆಚ್ಚು' ಅಪಾಯದ್ದಾಗಬಹುದು, ಏಕೆಂದರೆ ಅಲ್ಲಿ ವೈದ್ಯರ ತೀರ್ಪು ನಡುವೆ ಬರುತ್ತದೆ.

ಎರಡು ಕಡೆ ತಂಡ ಹೆಚ್ಚು ಹೊತ್ತು ನಿಂತಿತು. ಮೊದಲನೆಯದು 'ಬಿಡುಗಡೆಯ ವೇಳೆಗೆ ಸಾವು' ಎಂಬ ಅಳತೆ. ಬೇಗ ಮನೆಗೆ ಕಳಿಸುವುದೇ ಈ ಪದ್ಧತಿಯ ಒಂದು ಅಂಗ. ಕಾಂಗರೂ ಗುಂಪಿನ ಮಗು ಹತ್ತನೇ ದಿನ, ಇನ್ನೊಂದು ಗುಂಪಿನ ಮಗು ಹದಿನೆಂಟನೇ ದಿನ ಮನೆಗೆ ಹೋದರೆ, ಆಸ್ಪತ್ರೆಯ ಸಾವುಗಳನ್ನಷ್ಟೇ ಎಣಿಸುವ ಲೆಕ್ಕದಲ್ಲಿ ಒಬ್ಬರನ್ನು ಎಂಟು ದಿನ ಕಡಿಮೆ ಗಮನಿಸಿದಂತಾಯಿತು. ಮನೆಯಲ್ಲಿ ಆದ ಸಾವು ಎಲ್ಲೂ ಕಾಣುವುದಿಲ್ಲ. ಆಸ್ಪತ್ರೆಯಲ್ಲಿ ತಗಲುವ ಸೋಂಕಿನ ಎಣಿಕೆಗೂ ಇದೇ ಮಾತು. ಆದ್ದರಿಂದ 28 ದಿನದ ವಯಸ್ಸು ಅಥವಾ 40-41 ವಾರ ಎಂಬ ನಿಗದಿತ ಗಡುವಿನ ಸಾವನ್ನು ಮುಖ್ಯ ಫಲಿತಾಂಶ ಮಾಡಿದರು. ಬಿಡುಗಡೆಯ ವೇಳೆಯ ಎಣಿಕೆ ಮಾತ್ರ ಇದ್ದ ಪ್ರಯೋಗಗಳನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸಿದರು.

ಎರಡನೆಯದು ಕಾಣೆಯಾದ ಮಕ್ಕಳು. ಶೇಕಡ 20ಕ್ಕಿಂತ ಕಡಿಮೆ ನಷ್ಟವಾದರೆ ಚಿಂತೆಯಿಲ್ಲ ಎಂಬ ರೂಢಿಯ ಮಾತು ಇಲ್ಲಿ ಸಲ್ಲದು. ಪ್ರತಿ ಗುಂಪಿನಲ್ಲೂ 200 ಮಕ್ಕಳಿರುವ ಪ್ರಯೋಗವೊಂದರಲ್ಲಿ ಕಾಂಗರೂ ಗುಂಪಿನಲ್ಲಿ 6, ಇನ್ನೊಂದರಲ್ಲಿ 10 ಸಾವು ಎನ್ನಿ. ಕಾಂಗರೂ ಗುಂಪಿನಿಂದ ಮನೆಗೆ ಹೋದ 14 ಮಕ್ಕಳ ಸುದ್ದಿ ಸಿಗಲಿಲ್ಲ. ನಷ್ಟ ಬರೀ 7 ಪ್ರತಿಶತ. ಆದರೆ ಆ ಹದಿನಾಲ್ಕರಲ್ಲಿ ನಾಲ್ಕು ಮಕ್ಕಳು ಉಳಿಯದಿದ್ದರೆ ಎರಡೂ ಕಡೆ ಹತ್ತು ಹತ್ತು, ಲಾಭವೆಲ್ಲ ಅಳಿಸಿಹೋಯಿತು. ನಷ್ಟವನ್ನು ಒಟ್ಟು ಸಂಖ್ಯೆಗಲ್ಲ, ಸಾವುಗಳ ಸಂಖ್ಯೆಗೆ ಹೋಲಿಸಬೇಕೆಂದು ತಂಡ ನಿಯಮ ಮಾಡಿಕೊಂಡಿತು: ಕಾಣೆಯಾದವರು ಎರಡು ಗುಂಪಿನ ಸಾವಿನ ವ್ಯತ್ಯಾಸಕ್ಕಿಂತ ಹೆಚ್ಚಿದ್ದರೆ, ಏಕೆ ಕಾಣೆಯಾದರು ಎಂಬ ವಿವರ ಸಿಗುವವರೆಗೆ 'ಕಡಿಮೆ' ಎಂದು ಬರೆಯುವಂತಿಲ್ಲ.

ಏನಾಯಿತು

ಇಷ್ಟೆಲ್ಲ ಬದಲಾವಣೆ ಪ್ರೊಟೊಕಾಲ್ ನೋಂದಣಿಯ ನಂತರ ಆದದ್ದು, ಅದೂ ಮೊದಲ ಮೆಟಾ-ವಿಶ್ಲೇಷಣೆಯ ಚಿತ್ರವನ್ನು ನೋಡಿದ ಮೇಲೆ. ಇದು ಸೂಕ್ಷ್ಮ ವಿಷಯ. ಫಲಿತಾಂಶ ನೋಡಿ ನಿಯಮ ಬದಲಿಸಿದರು ಎಂಬ ಆಕ್ಷೇಪ ನ್ಯಾಯವಾದದ್ದೇ. ತಂಡ ಪ್ರಾಸ್ಪೆರೊ ದಾಖಲೆಯಲ್ಲಿ ಪ್ರತಿ ತಿದ್ದುಪಡಿಗೂ ದಿನಾಂಕ, ಕಾರಣ, ಆ ಹೊತ್ತಿಗೆ ಯಾವ ಫಲಿತಾಂಶ ಕಂಡಿತ್ತು ಎಂಬುದನ್ನು ಬರೆಯಿತು. ಮೂಲ ನಿಯಮದ ಪ್ರಕಾರ ಬಂದ ವಿಶ್ಲೇಷಣೆಯನ್ನು ಅನುಬಂಧದಲ್ಲಿ ಹಾಗೆಯೇ ಉಳಿಸಿತು. ರಾಬ್ 2 ತೀರ್ಮಾನಗಳನ್ನು ಮಾತ್ರ, ಫಲಿತಾಂಶದ ಕೋಷ್ಟಕ ಮುಚ್ಚಿಟ್ಟ ಪ್ರತಿಗಳ ಮೇಲೆ, ಮೊದಲ ವಿಶ್ಲೇಷಣೆ ನೋಡಿರದ ಇನ್ನೊಬ್ಬರಿಂದ ಹಂಚಿಕೆಯ ವಿಭಾಗಕ್ಕಾದರೂ ಮತ್ತೊಮ್ಮೆ ಮಾಡಿಸಿತು. ಎಲ್ಲ ವಿಭಾಗಗಳಿಗೂ ಹೀಗೆ ಮಾಡಲಾಗದು. ಕಾಣೆಯಾದವರ ಪ್ರಶ್ನೆಗೆ ಸಾವಿನ ಎಣಿಕೆ ನೋಡಲೇಬೇಕು.

ಕೋಹಾರ್ಟ್‌ಗಳನ್ನು ಮುಖ್ಯ ಲೆಕ್ಕದಿಂದ ತೆಗೆದಾಗ ಪರಿಣಾಮದ ಗಾತ್ರ ಕುಗ್ಗಿತು, ದಿಕ್ಕು ಬದಲಾಗಲಿಲ್ಲ. ಕಾಂಗರೂ ಆರೈಕೆಯಿಂದ ಸಾವು ಕಡಿಮೆಯಾಗುತ್ತದೆ ಎಂಬ ಮಾತು ಪ್ರಯೋಗಗಳ ಬಲದ ಮೇಲೆಯೇ ನಿಂತಿತು. ಹರಿಯಾಣದ ಪ್ರಯೋಗ 1500ರಿಂದ 2250 ಗ್ರಾಂ ತೂಕದ ಶಿಶುಗಳದ್ದು. ಅಲ್ಲಿ ಆರೈಕೆ ಮನೆಯಲ್ಲಿ ಆರಂಭವಾಯಿತು. ಮೆಟಾ-ವಿಶ್ಲೇಷಣೆಯಲ್ಲಿ ಆ ಪ್ರಯೋಗದ ಪಾಲು ದೊಡ್ಡದಾದ್ದರಿಂದ, ಆಸ್ಪತ್ರೆಯ ಪ್ರಯೋಗಗಳನ್ನು ಮಾತ್ರ ಕೂಡಿಸಿದ ಸಾಲೊಂದನ್ನು ಜೊತೆಗೆ ಕೊಟ್ಟರು. ಇಲ್ಲದಿದ್ದರೆ 1200 ಗ್ರಾಂ ಮಗುವನ್ನು ನೋಡಿಕೊಳ್ಳುವ ಘಟಕದವರು, ತಮ್ಮ ಮಕ್ಕಳಿಗಿಂತ ಬೇರೆಯೇ ಆದ ಮಕ್ಕಳಿಂದ ಬಂದ ಸಂಖ್ಯೆಯನ್ನು ತಮ್ಮದೆಂದು ಓದಿಕೊಳ್ಳುತ್ತಾರೆ.

ಗ್ರೇಡ್ ಪದ್ಧತಿಯಲ್ಲಿ ಸಾಕ್ಷ್ಯದ ಖಚಿತತೆ ತೀರ್ಮಾನಿಸುವಾಗ ಬ್ಲೈಂಡಿಂಗ್ ಇಲ್ಲವೆಂದು ಸಾವಿನ ಫಲಿತಾಂಶವನ್ನು ಕೆಳಗಿಳಿಸಲಿಲ್ಲ. ಸೋಂಕಿನ ಫಲಿತಾಂಶವನ್ನು ಇಳಿಸಿದರು, ಕಾರಣವನ್ನು ಅಡಿಟಿಪ್ಪಣಿಯಲ್ಲಿ ಬರೆದರು. ಹಳೆಯ ಜಡಾಡ್ ಅಂಕದ ಮೇಲೆ ಹೋಗಿದ್ದರೆ ಎರಡಕ್ಕೂ ಒಂದೇ ದಂಡ ಬೀಳುತ್ತಿತ್ತು.

ಇದೇ ಕೆಲಸಕ್ಕೆ ಕೂರುವ ಬೇರೆ ತಂಡಗಳು ಈ ಪ್ರಕರಣದಿಂದ ತೆಗೆದುಕೊಳ್ಳಬಹುದಾದ ನೇರ ಸಂಗತಿ, ಪ್ರೊಟೊಕಾಲ್ ಬರೆಯುವ ಮೊದಲೇ ನಾಲ್ಕೈದು ಗೊತ್ತಿರುವ ಅಧ್ಯಯನಗಳನ್ನು, ಒಂದೆರಡು ಕೋಹಾರ್ಟ್ ಸೇರಿಸಿ, ಪೂರ್ತಿ ನಮೂನೆಯ ಮೂಲಕ ಹಾಯಿಸಿ ನೋಡುವುದು. ಆ ಮೂರು ವಯಸ್ಸಿನ ಅಂಕಣ, ಉದ್ದೇಶಿತ ಗಂಟೆ, ನಿಯಂತ್ರಣ ಗುಂಪಿಗೆ ಮುಂದೆ ಕಾಂಗರೂ ಆರೈಕೆ ಸಿಕ್ಕಿತೇ ಎಂಬ ಪ್ರಶ್ನೆ, ಸಾವಿನ ಎಣಿಕೆ ನಿಂತ ದಿನ: ಇವು ಮೊದಲ ದಿನವೇ ನಮೂನೆಯಲ್ಲಿದ್ದಿದ್ದರೆ, ನೋಂದಣಿಯ ನಂತರದ ತಿದ್ದುಪಡಿಗಳಲ್ಲಿ ಹೆಚ್ಚಿನವು ಬೇಕಾಗುತ್ತಿರಲಿಲ್ಲ. ಗಂಟೆ ನಮೂದಿಸದ ಪ್ರಯೋಗಗಳ ಲೇಖಕರಲ್ಲಿ ಕೆಲವರು ಪತ್ರಕ್ಕೆ ಉತ್ತರಿಸಲಿಲ್ಲ. ಅವು ಉಪಗುಂಪಿನ ವಿಶ್ಲೇಷಣೆಯಲ್ಲಿ 'ನಮೂದಿಲ್ಲ' ಎಂಬ ಸಾಲಿನಲ್ಲೇ ಉಳಿದಿವೆ, ಊಹಿಸಿ ತುಂಬಿಲ್ಲ.

ಮುಂದಿನ ಪರಿಷ್ಕರಣೆಯಲ್ಲಿ ಮೊದಲ ಹೋಲಿಕೆಗೆ ಹೊಸ ಪ್ರಯೋಗಗಳು ಹೆಚ್ಚು ಬರುವ ನಿರೀಕ್ಷೆಯಿಲ್ಲ. 2022ರ ಶಿಫಾರಸಿನಲ್ಲಿ ಕಾಂಗರೂ ಆರೈಕೆ ಎಲ್ಲ ಅವಧಿಪೂರ್ವ ಮತ್ತು ಕಡಿಮೆ ತೂಕದ ಶಿಶುಗಳ ನಿತ್ಯದ ಆರೈಕೆಯೇ ಆಗಿರುವುದರಿಂದ, ಅದನ್ನು ಕೊಡದೆ ಹೋಲಿಸುವ ಪ್ರಯೋಗಕ್ಕೆ ನೈತಿಕ ಸಮಿತಿಗಳು ಒಪ್ಪುವುದು ಕಷ್ಟ. ಬರುವುದೆಲ್ಲ ಯಾವಾಗ ಆರಂಭಿಸಬೇಕು, ದಿನಕ್ಕೆ ಎಷ್ಟು ಗಂಟೆ, ಯಂತ್ರದ ಉಸಿರಾಟದಲ್ಲಿರುವ ಮಗುವಿಗೂ ಕೊಡಬಹುದೇ ಎಂಬ ಪ್ರಶ್ನೆಗಳ ಪ್ರಯೋಗಗಳೇ. ತಂಡ ಹುಡುಕಾಟದ ಸೂತ್ರವನ್ನು ಹಾಗೆಯೇ ಉಳಿಸಿಕೊಂಡು, ಸೇರ್ಪಡೆಯ ಕೈಪಿಡಿಯಲ್ಲಿ ಎರಡನೇ ಹೋಲಿಕೆಯ ಪುಟವನ್ನಷ್ಟೇ ವಿಸ್ತರಿಸುತ್ತಿದೆ.